ವಿಷಯ: ಎಂ.ಎಸ್ಸಿ. (ರಸಾಯನಶಾಸ್ತ್ರ) ಪ್ರವೇಶ ಅರ್ಜಿ ಸಲ್ಲಿಸಲು 28-7-2025ರವರೆಗೆ ಕಾಲಾವಕಾಶ ಕೋರಿ

ಶಹಾಪುರ, 14-7-2025

ಗೆ,
ಅಧ್ಯಕ್ಷರು, ಪ್ರವೇಶ ಸಮಿತಿ,
ಸ್ನಾತಕೋತ್ತರ ಅಧ್ಯಯನ ಕೇಂದ್ರ, ಕಲಬುರಗಿ

ಉಲ್ಲೇಖ: ನನ್ನ ಆನ್‌ಲೈನ್ ಅರ್ಜಿ ಸಂಖ್ಯೆ 1147, ಶುಲ್ಕ ಪಾವತಿ ದಿನಾಂಕ 7-7-2025

ಮಾನ್ಯರೇ,

ಪ್ರವೇಶ ಪ್ರಕಟಣೆಯಂತೆ ಅರ್ಜಿಯ ಮುದ್ರಿತ ಪ್ರತಿಯನ್ನು ಮೂಲ ದಾಖಲೆಗಳೊಂದಿಗೆ 18-7-2025ರ ಸಂಜೆ 4.30ರೊಳಗೆ ಖುದ್ದಾಗಿ ಹಾಜರುಪಡಿಸಬೇಕು. ಎರಡು ಕಾರಣಗಳಿಂದ ಅದು ನನಗೆ ಸಾಧ್ಯವಾಗುತ್ತಿಲ್ಲ.

10ರಂದು ನಡೆಯಬೇಕಿದ್ದ ನನ್ನ ಬಿ.ಎಸ್ಸಿ. ಆರನೇ ಸೆಮಿಸ್ಟರ್‌ನ ಪ್ರಾಯೋಗಿಕ ಪರೀಕ್ಷೆ 18ಕ್ಕೆ ಮುಂದೂಡಲ್ಪಟ್ಟಿದೆ. ನಾನು ಎರಡನೇ ಬ್ಯಾಚಿನವಳು. ಯಾದಗಿರಿಯಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ ಪರೀಕ್ಷೆ.

ಹೆಚ್ಚು ತೊಡಕಾಗಿರುವುದು 371(ಜೆ) ಅರ್ಹತಾ ಪ್ರಮಾಣಪತ್ರ. ಸಹಾಯಕ ಆಯುಕ್ತರ ಕಚೇರಿಗೆ 16-6-2025ರಂದೇ ಅರ್ಜಿ ಕೊಟ್ಟಿದ್ದೆ. ತಂದೆಯವರ ಶಾಲಾ ವರ್ಗಾವಣೆ ಪತ್ರದಲ್ಲಿ ಹೆಸರು ‘ಬಸಣ್ಣ’ ಎಂದೂ ಆಧಾರ್‌ನಲ್ಲಿ ‘ಬಸವರಾಜ’ ಎಂದೂ ಇರುವುದರಿಂದ 2ರಂದು ಅರ್ಜಿ ವಾಪಸಾಯಿತು. (ಅದೇ ಪತ್ರದಲ್ಲಿ ‘ಗುಲ್ಬರ್ಗಾ ಜಿಲ್ಲೆ’ ಎಂದಿರುವುದಕ್ಕೆ ಆಕ್ಷೇಪ ಬರಲಿಲ್ಲ, ಯಾದಗಿರಿ ಬೇರೆ ಜಿಲ್ಲೆಯಾದದ್ದೇ 2009ರ ಕೊನೆಗೆ.) ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಪ್ರಮಾಣಪತ್ರ ಮಾಡಿಸಿ 4ರಂದು ಮತ್ತೆ ಸಲ್ಲಿಸಿದ್ದೇನೆ. ಕಡತ ಸದ್ಯ ಸಹಿಗೆ ಹೋಗಿದೆ, 24ರ ಹೊತ್ತಿಗೆ ಕೈಸೇರಬಹುದು ಎಂದು ಕಚೇರಿಯಲ್ಲಿ ತಿಳಿಸಿದ್ದಾರೆ.

ಈ ಪ್ರಮಾಣಪತ್ರವಿಲ್ಲದೆ ಅರ್ಜಿ ಅಂತಿಮಗೊಳಿಸಿದರೆ ಕಲ್ಯಾಣ ಕರ್ನಾಟಕದ ಮೀಸಲು ಸೀಟುಗಳಿಗೆ ನನ್ನನ್ನು ಪರಿಗಣಿಸುವುದಿಲ್ಲ. ಒಮ್ಮೆ ‘ಸಬ್‌ಮಿಟ್’ ಒತ್ತಿದ ಮೇಲೆ ತಂತ್ರಾಂಶದಲ್ಲಿ ಪ್ರವರ್ಗ ಬದಲಿಸಲು ಅವಕಾಶವೂ ಇಲ್ಲ. ಆದ್ದರಿಂದಲೇ ಅರ್ಜಿಯನ್ನು ‘ಸೇವ್’ ಮಾಡಿ ಹಾಗೆಯೇ ಬಿಟ್ಟಿದ್ದೇನೆ.

ದಯವಿಟ್ಟು 28-7-2025ರ ಸೋಮವಾರದವರೆಗೆ ಅವಕಾಶ ಕೊಡಬೇಕು. ಎಲ್ಲರಿಗೂ ಅನ್ವಯಿಸುವ ಕೊನೆಯ ದಿನವನ್ನು ಮುಂದೂಡಲಾಗದಿದ್ದರೆ ಇನ್ನೊಂದು ದಾರಿಯನ್ನಾದರೂ ಪರಿಶೀಲಿಸಬೇಕೆಂದು ಕೋರುತ್ತೇನೆ: 371(ಜೆ) ಅರ್ಜಿಯ ಸ್ವೀಕೃತಿ ರಸೀದಿಯ ಆಧಾರದ ಮೇಲೆ ಮೀಸಲು ಕೋಟಾದಡಿಯೇ ಅರ್ಜಿಯನ್ನು ತಾತ್ಕಾಲಿಕವಾಗಿ ಸ್ವೀಕರಿಸಿ, ಮೂಲ ಪ್ರತಿಯನ್ನು ದಾಖಲೆ ಪರಿಶೀಲನೆಯ ದಿನ ಪಡೆಯಬಹುದು. ಹಾಗಾದರೆ 17ರಂದು ನಾನೇ ಕಲಬುರಗಿಗೆ ಬಂದು ಉಳಿದೆಲ್ಲ ದಾಖಲೆ ಒಪ್ಪಿಸುತ್ತೇನೆ. ಪರಿಶೀಲನೆಯ ದಿನ ಮೂಲ ಪ್ರತಿ ತರದಿದ್ದರೆ ಮೀಸಲು ಕೋಟಾದಲ್ಲಿ ನನ್ನ ಹಕ್ಕು ಕೈಬಿಡಬಹುದೆಂಬ ಮುಚ್ಚಳಿಕೆಯನ್ನು ಈಗಲೇ ಲಗತ್ತಿಸಿದ್ದೇನೆ.

17ಕ್ಕೆ ಬರಬೇಕೇ ಎಂಬುದು 16ರೊಳಗೆ ಗೊತ್ತಾದರೆ ಅನುಕೂಲ. ಅರ್ಜಿಯಲ್ಲಿ ನಮೂದಿಸಿರುವ ಮೊಬೈಲ್‌ಗೆ ಸಂದೇಶ ಕಳಿಸಿದರೂ ಸಾಕು.

ಲಗತ್ತು: ಪರಿಷ್ಕೃತ ಪರೀಕ್ಷಾ ವೇಳಾಪಟ್ಟಿ ಮತ್ತು ಪ್ರವೇಶ ಪತ್ರ, 16-6 ಹಾಗೂ 4-7ರ ಸ್ವೀಕೃತಿ ರಸೀದಿಗಳು, ಹಿಂಬರಹ, ನೋಟರಿ ಪ್ರಮಾಣಪತ್ರದ ನಕಲು, ಶುಲ್ಕದ ರಸೀದಿ, ಮೊದಲ ಐದು ಸೆಮಿಸ್ಟರ್‌ಗಳ ಅಂಕಪಟ್ಟಿ, ಮುಚ್ಚಳಿಕೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)
ಸವಿತಾ ತಂದೆ ಬಸವರಾಜ
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ