ಕಿರುಪ್ರಬಂಧದ ವಿಷಯ ಆಯ್ಕೆ ಕುರಿತು ಗುರುಗಳಿಗೆ ಪತ್ರ

ದಾವಣಗೆರೆ
8 ಸೆಪ್ಟೆಂಬರ್ 2025

ಮಾನ್ಯ ಸರ್,

ನಮಸ್ಕಾರಗಳು. ನಾಲ್ಕನೇ ಸೆಮಿಸ್ಟರ್‌ನ ಕಿರುಪ್ರಬಂಧಕ್ಕೆ ಸ್ಥಳೀಯ ಸಂಸ್ಥೆಗಳ ಹಣಕಾಸನ್ನೇ ತೆಗೆದುಕೊಳ್ಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೇನೆ. ಕ್ಷೇತ್ರ ಇದೇ, ಆದರೆ ವಿಷಯ ಯಾವುದು ಎನ್ನುವಲ್ಲಿ ನಿಂತಿದ್ದೇನೆ. ಕೈಗೆ ಸಿಗುವ ಅಂಕಿಅಂಶ ನೋಡಿ ಪ್ರಶ್ನೆ ಹುಡುಕಬೇಕೆ, ಪ್ರಶ್ನೆ ಹಿಡಿದು ಅಂಕಿಅಂಶದ ಬೆನ್ನು ಹತ್ತಬೇಕೆ? ತಾವು ದಾರಿ ತೋರಿಸಬೇಕು.

ಮನಸ್ಸಿನಲ್ಲಿ ಮೂರು ವಿಷಯಗಳಿವೆ. ಮೊದಲನೆಯದು ದಾವಣಗೆರೆ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ ವಸೂಲಿ. 45 ವಾರ್ಡುಗಳಿರುವುದರಿಂದ ಹೋಲಿಸಲು ಬೇರೆ ಊರಿಗೆ ಹೋಗಬೇಕಾಗಿಲ್ಲ. ಹಳೇ ಪೇಟೆಯ ಎರಡು ವಾರ್ಡು, ಹೊಸ ಬಡಾವಣೆಯ ಎರಡು ವಾರ್ಡು ತೆಗೆದುಕೊಂಡರೂ ವ್ಯತ್ಯಾಸ ಕಾಣುತ್ತದೆ. ಆದರೆ ಬೇಡಿಕೆ–ವಸೂಲಿ–ಬಾಕಿ ತಃಖ್ತೆಯನ್ನು ಕಂಡ ಹಾಗೇ ನಂಬಿದರೆ ಮೋಸ ಹೋಗುತ್ತೇನೆ ಎನಿಸುತ್ತಿದೆ. ಉದಾಹರಣೆಗೆ ಒಂದು ವಾರ್ಡಿನಲ್ಲಿ ಹಿಂದಿನ ಬಾಕಿ 40 ಲಕ್ಷ, ಚಾಲ್ತಿ ಬೇಡಿಕೆ 60 ಲಕ್ಷ, ಒಟ್ಟು ವಸೂಲಿ 70 ಲಕ್ಷ ಎಂದಿಟ್ಟುಕೊಳ್ಳೋಣ. ಶೇ. 70 ವಸೂಲಿ ಎನ್ನಬಹುದು. ಆ 70ರಲ್ಲಿ 35 ಲಕ್ಷ ಹಳೇ ಬಾಕಿಯದ್ದಾಗಿದ್ದರೆ ಚಾಲ್ತಿ ವರ್ಷದ ವಸೂಲಿ 60ಕ್ಕೆ 35, ಅಂದರೆ ಶೇ. 58 ಮಾತ್ರ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಖಾತೆಯೇ ಆಗದ ಮನೆ ಬೇಡಿಕೆಯೊಳಗೇ ಬರುವುದಿಲ್ಲ. ಅಂಥ ವಾರ್ಡಿನಲ್ಲಿ ಶೇ. 90 ವಸೂಲಿ ತೋರಿಸಿದರೂ ಅದು ಸಾಧನೆಯಲ್ಲ. ಹಾಗಾಗಿ ವಸೂಲಿಯ ಪ್ರಮಾಣಕ್ಕಿಂತ, ಬೇಡಿಕೆ ಪಟ್ಟಿಯಲ್ಲಿರುವ ಆಸ್ತಿ ಎಷ್ಟು, ಬೀದಿಯಲ್ಲಿರುವ ಕಟ್ಟಡ ಎಷ್ಟು ಎಂಬುದನ್ನೇ ಪ್ರಶ್ನೆ ಮಾಡಿಕೊಂಡರೆ ಹೇಗೆ ಸರ್? ನಾಲ್ಕು ಬೀದಿಗಳನ್ನು ಮನೆಮನೆ ಎಣಿಸುವುದು ಒಬ್ಬರಿಂದ ಆಗುವ ಕೆಲಸ.

ವರ್ಷಗಳ ಆಯ್ಕೆಯಲ್ಲೂ ಅನುಮಾನವಿದೆ. 2020-21ನ್ನು ಆಧಾರ ವರ್ಷ ಮಾಡಿಕೊಂಡರೆ ಕೋವಿಡ್‌ನಿಂದಾಗಿ ನಂತರದ ಏರಿಕೆಯೆಲ್ಲ ಉಬ್ಬಿ ಕಾಣುತ್ತದೆ. ಮಾರ್ಗಸೂಚಿ ಬೆಲೆಯ ಆಧಾರದ ತೆರಿಗೆ ಬಂದ ಮೇಲೆ ಆದಾಯ ಹೆಚ್ಚಿದ್ದರೆ ಅದು ದರದಿಂದಲೋ, ವಸೂಲಿಯ ಶ್ರಮದಿಂದಲೋ ಬೇರ್ಪಡಿಸಬೇಕು. ತೆರಿಗೆಯ ಜೊತೆಗೇ ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಪುನರ್ವಸತಿ ಕರಗಳೂ ಸೇರಿ ಬರುತ್ತವೆ. ಅವು ಪಾಲಿಕೆಯ ಸ್ವಂತ ಹಣವಲ್ಲ, ಕಳೆಯಲೇಬೇಕು.

ಎರಡನೆಯದು 15ನೇ ಹಣಕಾಸು ಆಯೋಗದ ಅನುದಾನ. 2021-26ರ ಅವಧಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಬರುವ ಮೂಲ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುನಿಟ್ಟಾಗಿ ಮೀಸಲು, ಶೇ. 40 ಮುಕ್ತ. ಅನುದಾನ ಸರಾಗವಾಗಿ ಬರುವ ಕಡೆ ಪಂಚಾಯಿತಿ ತನ್ನ ಮನೆಗಂದಾಯ, ನೀರಿನ ಕರ ವಸೂಲಿಯಲ್ಲಿ ಸಡಿಲವಾಗುತ್ತದೆಯೆ? ಪ್ರಶ್ನೆ ನನಗೆ ತುಂಬ ಇಷ್ಟ, ಆದರೆ ಭಯವೂ ಇದೆ. ಅನುದಾನವನ್ನು ಹೆಚ್ಚಾಗಿ ಜನಸಂಖ್ಯೆ ನೋಡಿ ಹಂಚುವುದರಿಂದ ದೊಡ್ಡ ಪಂಚಾಯಿತಿಗೆ ಅನುದಾನವೂ ಹೆಚ್ಚು, ಸ್ವಂತ ಆದಾಯವೂ ಹೆಚ್ಚು. ಎರಡಕ್ಕೂ ನಂಟಿದೆ ಎಂದು ಬರೆದುಬಿಟ್ಟರೆ ನಾನು ಅಳೆದದ್ದು ಊರಿನ ಗಾತ್ರವನ್ನಷ್ಟೇ. ತಲಾವಾರು ಲೆಕ್ಕ ಹಾಕಿ, ಮೂರು ವರ್ಷದ ಬದಲಾವಣೆ ನೋಡಿದರೆ ಸಾಕಾಗುತ್ತದೆಯೆ?

ಮೂರನೆಯದು ಇನ್ನೂ ಹಸಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿರುವ ಪಂಚಾಯಿತಿಗಳ ಆದಾಯವನ್ನು, ಅವಿಲ್ಲದ ನೆರೆಯ ಪಂಚಾಯಿತಿಗಳ ಜೊತೆ ಹೋಲಿಸುವುದು. ಹತ್ತಾರು ಪಂಚಾಯಿತಿ ಸಿಗದಿದ್ದರೆ ಇದು ಎರಡು ಊರಿನ ವರದಿಯಾಗಿಯೇ ಉಳಿಯಬಹುದು.

ದಾಖಲೆಗಳ ವಿಷಯ. ಆಯವ್ಯಯ ಅಂದಾಜು ಬೇಗ ಸಿಗುತ್ತದೆ, ಆದರೆ ಅದು ಅಂದಾಜು; ನನಗೆ ಬೇಕಾದದ್ದು ಲೆಕ್ಕಪರಿಶೋಧನೆಯಾದ ವಾಸ್ತವ ಜಮಾ–ಖರ್ಚು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಹೋದರೆ ಮತ್ತಷ್ಟು. ಮಾರ್ಚ್ ಬಂತೆಂದರೆ ಕಂದಾಯ ಶಾಖೆಯವರು ವಸೂಲಿಯಲ್ಲಿ ಮುಳುಗಿರುತ್ತಾರೆ, ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿಗಾಗಿ ಸಾಲು ನಿಲ್ಲುತ್ತದೆ. ಆದ್ದರಿಂದ ಅಕ್ಟೋಬರ್ ಒಳಗೆ ಅರ್ಜಿ ಹಾಕಿ, ಡಿಸೆಂಬರ್ ಹೊತ್ತಿಗೆ ತಃಖ್ತೆಗಳು ಕೈಸೇರಬೇಕೆಂದು ಲೆಕ್ಕ ಹಾಕಿದ್ದೇನೆ. ವಿಭಾಗದ ಪರಿಚಯ ಪತ್ರವಿದ್ದರೆ ಕಚೇರಿಯಲ್ಲಿ ಮಾತಾಡುವುದು ಸುಲಭ.

ನನ್ನ ಒಲವು ಮೊದಲನೆಯದರ ಕಡೆಗಿದೆ. ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಬೀದಿಗಿಳಿದು ಪರೀಕ್ಷಿಸಬಹುದು. ಆದರೆ ಇದು ಬರೀ ಎಣಿಕೆಯ ಕೆಲಸವಾಗಿ, ಅರ್ಥಶಾಸ್ತ್ರದ ಪ್ರಶ್ನೆ ತೆಳುವಾಗುತ್ತದೆಯೆ ಎಂಬುದನ್ನು ತಾವೇ ಹೇಳಬೇಕು. ಎರಡನೆಯದನ್ನು ಒಂದೇ ತಾಲ್ಲೂಕಿನ 15 ಪಂಚಾಯಿತಿಗಳಿಗೆ ಇಳಿಸಿದರೆ ನಿಭಾಯಿಸಬಹುದೆ ಎಂಬುದನ್ನೂ ತಿಳಿಸಿ.

ಮುಂದಿನ ವಾರ ತಮಗೆ ಬಿಡುವಿರುವ ಯಾವುದಾದರೂ ಮಧ್ಯಾಹ್ನ, ಮೂರಕ್ಕೂ ಒಂದೊಂದು ಪುಟದ ಟಿಪ್ಪಣಿ ಬರೆದುಕೊಂಡು ವಿಭಾಗಕ್ಕೆ ಬರುತ್ತೇನೆ.

ತಮ್ಮ ವಿದ್ಯಾರ್ಥಿನಿ,
ಕಾವ್ಯ
ಎಂ.ಎ. ಅರ್ಥಶಾಸ್ತ್ರ, ಮೂರನೇ ಸೆಮಿಸ್ಟರ್