ವಿಷಯ: ಬಿಲ್ ನಂ. 47ರ ತಡಪಾವತಿಗೆ ಬಡ್ಡಿ ₹40,844

ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು
28 ಅಕ್ಟೋಬರ್ 2024

ಮುಖ್ಯಸ್ಥರು, ಹಣಕಾಸು ವಿಭಾಗ ಇವರಿಗೆ

ಮಾನ್ಯರೇ,

ನಮ್ಮ ಬಿಲ್ ನಂ. 47ರ ಅಸಲು ₹5,90,000 ಅಕ್ಟೋಬರ್ 17ರಂದು ನಮ್ಮ ಖಾತೆಗೆ ಬಂದಿದೆ. ಅದಕ್ಕೆ ಧನ್ಯವಾದ. ಈ ಪತ್ರ ಅದರ ಮೇಲಿನ ಬಡ್ಡಿಯ ಬಗ್ಗೆ ಮಾತ್ರ.

1,250 ಗನ್‌ಮೆಟಲ್ ಬುಷ್‌ಗಳು 2024ರ ಮೇ 3ರಂದು ನಿಮ್ಮ ಗೇಟ್ ದಾಟಿದವು. ಚಲನ್ ಮೇಲೆ ನಿಮ್ಮ ಸ್ಟೋರ್ಸ್‌ನವರ ಸೀಲು, ಸಹಿ ಎರಡೂ ಇವೆ. 15 ದಿನದೊಳಗೆ ಲಿಖಿತ ತಕರಾರು ಯಾವುದೂ ಬರಲಿಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಮಾಲು ಒಪ್ಪಿಕೊಂಡ ದಿನವೂ ಮೇ 3.

ನಿಮ್ಮ ಪರ್ಚೇಸ್ ಆರ್ಡರ್‌ನಲ್ಲಿ 60 ದಿನದ ಗಡುವು ಇದೆ, ನಾವು ಅದಕ್ಕೆ ಸಹಿ ಹಾಕಿದ್ದೂ ನಿಜ. ಆದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಪ್ರಕಾರ, ಏನೇ ಒಪ್ಪಂದ ಇದ್ದರೂ ಗಡುವು 45 ದಿನ ಮೀರುವ ಹಾಗಿಲ್ಲ. ನಮ್ಮದು ಉದ್ಯಮ್ ನೋಂದಣಿ ಆಗಿರುವ ತಯಾರಿಕಾ ಘಟಕ; ನೋಂದಣಿ ಸಂಖ್ಯೆ ಪ್ರತಿ ಬಿಲ್ಲಿನ ತಲೆಯಲ್ಲೇ ಇದೆ. ಆ ಲೆಕ್ಕಕ್ಕೆ ಜೂನ್ 17ರೊಳಗೆ ಹಣ ಬರಬೇಕಿತ್ತು. ಬಂದದ್ದು ಸರಿಯಾಗಿ ನಾಲ್ಕು ತಿಂಗಳು ತಡವಾಗಿ.

16ನೇ ಕಲಂನಂತೆ ಬಡ್ಡಿ ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು. ಈ ಅವಧಿಯಲ್ಲಿ ಬ್ಯಾಂಕ್ ದರ ಶೇ 6.75, ಅಂದರೆ ಬಡ್ಡಿ ವರ್ಷಕ್ಕೆ ಶೇ 20.25. ಅದು ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುತ್ತದೆ. ಜೂನ್ 18ರಿಂದ ಅಕ್ಟೋಬರ್ 17ರವರೆಗೆ ಒಟ್ಟು ₹40,844. ದರ ಜಾಸ್ತಿ ಅನ್ನಿಸಬಹುದು. ಅದನ್ನು ಗೊತ್ತು ಮಾಡಿದ್ದು ನಾವಲ್ಲ.

ಈ ಬಿಲ್ಲಿನ ಜಿಎಸ್‌ಟಿ ₹90,000 ನಾವು ಜೂನ್‌ನಲ್ಲೇ, ಮೇ ತಿಂಗಳ ರಿಟರ್ನ್ ಜೊತೆ ಕಟ್ಟಿದ್ದೇವೆ. ಆಗ ನಿಮ್ಮಿಂದ ಒಂದು ರೂಪಾಯಿಯೂ ಬಂದಿರಲಿಲ್ಲ. ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್, ಆರು ಜನ ಕೆಲಸಗಾರರ ಶಾಪ್ ನಮ್ಮದು. ಓಡಿ ಖಾತೆಯಿಂದ ತೆಗೆದು ಕಟ್ಟಿದೆವು. ಜುಲೈ, ಆಗಸ್ಟ್‌ನಲ್ಲಿ ಫೋನ್ ಮಾಡಿದಾಗಲೆಲ್ಲ ‘ಬಿಲ್ ಇನ್ನೂ ಸಿಸ್ಟಮ್‌ನಲ್ಲಿ ಬುಕ್ ಆಗಿಲ್ಲ’ ಎಂಬ ಉತ್ತರ ಸಿಕ್ಕಿತು. ಉತ್ತರ ಕೊಟ್ಟ ನಿಮ್ಮ ಸಿಬ್ಬಂದಿ ಸೌಜನ್ಯದಿಂದಲೇ ಮಾತಾಡಿದ್ದಾರೆ, ಅವರ ಮೇಲೆ ದೂರಿಲ್ಲ.

ಈ ₹40,844 ಅನ್ನು ನವೆಂಬರ್ 15ರೊಳಗೆ, ಅಸಲು ಹಾಕಿದ ಖಾತೆಗೇ ಹಾಕಿಸಿಕೊಡಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಅಷ್ಟರೊಳಗೆ ಬರೆದು ತಿಳಿಸಿ. ನಮ್ಮ ಅಕೌಂಟೆಂಟ್ ನಿಮ್ಮಲ್ಲಿಗೇ ಬಂದು ಕೂತು ತಾಳೆ ನೋಡುತ್ತಾರೆ. ಬಾಕಿ ಉಳಿದರೆ 22ನೇ ಕಲಂ ಪ್ರಕಾರ ನಿಮ್ಮ ವಾರ್ಷಿಕ ಲೆಕ್ಕಪತ್ರದಲ್ಲಿ ಅದನ್ನು ತೋರಿಸಬೇಕಾಗುತ್ತದೆ ಎಂಬುದು ನಿಮ್ಮ ಆಡಿಟರ್‌ಗೆ ಗೊತ್ತೇ ಇರುತ್ತದೆ, ಅಲ್ವಾ? ಎರಡೂ ಆಗದಿದ್ದರೆ 18ನೇ ಕಲಂನಡಿ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕುತ್ತೇವೆ.

ದೀಪಾವಳಿ ಕಳೆದ ಮೇಲೆ ಕೊಡಬೇಕಾದ ನಿಮ್ಮ ಮುಂದಿನ ಆರ್ಡರ್‌ನ ಕೆಲಸ ಎಂದಿನಂತೆ ನಡೆದಿದೆ. ಅದಕ್ಕೂ ಈ ಪತ್ರಕ್ಕೂ ಸಂಬಂಧವಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮಾಲೀಕರು

ಲಗತ್ತು: ಬಿಲ್, ಸೀಲಾದ ಚಲನ್, ಉದ್ಯಮ್ ಪ್ರಮಾಣಪತ್ರ, ತಿಂಗಳುವಾರು ಬಡ್ಡಿ ಲೆಕ್ಕ