ದೂರು ಪೆಟಿಗೆ

ಎಂಟನೇ ಕ್ಲಾಸಿನಲ್ಲಿ ವಿನಯ ಅಂತ ಒಬ್ಬ ಹುಡುಗ ಇದ್ದಾನೆ ಎಂದು ಗೊತ್ತಾಗುತ್ತಿದ್ದದ್ದು ಹಾಜರಿ ಕರೆಯುವಾಗ ಮಾತ್ರ. "ಪ್ರೆಸೆಂಟ್ ಟೀಚರ್" ಅಂದರೆ ಆ ದಿನದ ಮಾತು ಮುಗಿಯಿತು. ಕಲೋತ್ಸವದ ಯಕ್ಷಗಾನ ತಂಡದಲ್ಲೂ ಅವನಿಗೆ ಸಿಕ್ಕಿದ್ದು ತೆರೆ ಹಿಡಿಯುವ ಕೆಲಸ. ಅವನಿಗೆ ಬೇಸರ ಇರಲಿಲ್ಲ. ತೆರೆಯ ತುದಿ ಹಿಡಿದು ನಿಂತರೆ ಎಲ್ಲವೂ ಕಾಣುತ್ತದೆ, ಯಾರೂ ನಿಮ್ಮನ್ನು ನೋಡುವುದಿಲ್ಲ.

ಶಾಲೆ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ. ಒಂದು ಕಡೆ ಮಲಯಾಳ ಡಿವಿಜನ್, ಇನ್ನೊಂದು ಕಡೆ ಕನ್ನಡ. ನಡುವೆ ಊಟದ ಶೆಡ್ಡು. ಕನ್ನಡ ಡಿವಿಜನ್ನಿನಲ್ಲಿ ವರ್ಷ ವರ್ಷ ಮಕ್ಕಳು ಕಮ್ಮಿ ಆಗುತ್ತಿದ್ದ ಕಾರಣ, ಜೂನಿನಲ್ಲಿ ಹರೀಶ ಹೊಸದಾಗಿ ಸೇರಿದಾಗ ವಾರಿಜಾ ಟೀಚರಿಗೆ ಖುಷಿಯೋ ಖುಷಿ. ಹರೀಶನ ಅಪ್ಪ ಪಯ್ಯನ್ನೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ಅವರು ತೀರಿಕೊಂಡ ಮೇಲೆ ಹುಡುಗ ಅಜ್ಜಿಯ ಮನೆಗೆ ಬಂದಿದ್ದ. ಅಲ್ಲಿ ಮಲಯಾಳದಲ್ಲೇ ಓದಿದ್ದರಿಂದ ಅವನಿಗೆ ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದಬೇಕಿತ್ತು. ಮಾತಿನಲ್ಲೂ ಮಲಯಾಳದ ರಾಗ.

ಶರತ್‌ಗೆ ಅಷ್ಟು ಸಾಕಾಯಿತು.

ಶರತ್ ಕೆಟ್ಟ ಹುಡುಗ ಅಂತ ಯಾರೂ ಹೇಳುತ್ತಿರಲಿಲ್ಲ. ಅಭಿಮನ್ಯುವಿನ ವೇಷ ಅವನದೇ. ಧೀಂಗಿಣ ಹಾರಿದರೆ ಮಲಯಾಳ ಡಿವಿಜನ್ನಿನ ಮಾಷ್ಟ್ರುಗಳೂ ಬಂದು ನೋಡುತ್ತಿದ್ದರು. ಪಾರ್ತಿಸುಬ್ಬನ ಸೀಮೆ ಇದು, ಇಲ್ಲಿ ಚೆನ್ನಾಗಿ ಕುಣಿಯುವ ಹುಡುಗನಿಗೆ ಸಿಗುವ ಮರ್ಯಾದೆಯೇ ಬೇರೆ. ಟೀಚರ್ ಹೊರಗೆ ಹೋದ ಕೂಡಲೇ ಅವನು ಹರೀಶನ ಕೈಗೆ ಪುಸ್ತಕ ಕೊಟ್ಟು "ಓದು" ಅನ್ನುತ್ತಿದ್ದ. ಹರೀಶ ತಡವರಿಸಿದಾಗಲೆಲ್ಲ ಹಿಂದಿನ ಬೆಂಚು ಅದನ್ನೇ ರಾಗವಾಗಿ ಹೇಳುತ್ತಿತ್ತು. ತಪ್ಪಿಗೊಂದು ಗುದ್ದು, ಬೆನ್ನಿಗೆ. ಮೊಟ್ಟೆ ಕೊಡುವ ದಿನ ಹರೀಶನ ತಟ್ಟೆಯ ಮೊಟ್ಟೆ ಶರತ್‌ನ ತಟ್ಟೆಗೆ ಹೋಗುತ್ತಿತ್ತು. ಅವನೇನೂ ಕಸಿದುಕೊಳ್ಳುತ್ತಿರಲಿಲ್ಲ, ತಟ್ಟೆ ಮುಂದೆ ಹಿಡಿದು ಕಾಯುತ್ತಿದ್ದ. ಹರೀಶನೇ ಎತ್ತಿ ಹಾಕಬೇಕು. ಅನ್ನ, ಹೆಸರುಕಾಳಿನ ಪಲ್ಯ ಬಡಿಸುತ್ತಿದ್ದ ಅಕ್ಕನಿಗೆ ಅದು ಗೆಳೆತನ ಅಂತ ಕಾಣುತ್ತಿತ್ತು.

ವಿನಯ ಎದುರು ಸಾಲಿನಲ್ಲಿ ಕುಳಿತು ನೋಡುತ್ತಿದ್ದ. ಮನೆಗೆ ಹೋಗಿ ಗಣಿತದ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಿದ್ದ. ತಾರೀಕು, ವಾರ, ಒಂದು ಗೆರೆ. "ಗುರುವಾರ. ಮೊಟ್ಟೆ." "ಸೋಮವಾರ. ಕೊಡೆಯ ಕಡ್ಡಿ ಮುರಿದದ್ದು." ಯಾಕೆ ಬರೆಯುತ್ತಿದ್ದೇನೆ ಅಂತ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಬರೆಯದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ. ಪಂಪ್‌ಹೌಸಿನ ಹತ್ತಿರ ನಡೆದದ್ದೊಂದನ್ನು ಮಾತ್ರ ಅವನು ಬರೆಯಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತು ಪುಸ್ತಕ ಮುಚ್ಚಿಟ್ಟ.

ಅಮ್ಮನಿಗೆ ಒಮ್ಮೆ ಹೇಳಿ ನೋಡಿದ. ಅಮ್ಮ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು. ಶರತ್ ಅನ್ನುವ ಹೆಸರು ಬಂದಾಗ ನೂಲು ಸುತ್ತುತ್ತಿದ್ದ ಬೆರಳು ನಿಂತಿತು.

"ಯಾರು, ಮೇಲಿನ ತೋಟದವರ ಮಗನಾ?"

"ಹೂಂ."

"ನಿನಗೆ ಎಂತ ಮಾಡಿದ್ದಾನೆ?"

"ನನಗೆ ಎಂತ ಮಾಡ್ಲಿಲ್ಲ."

"ಮತ್ತೆ ನಿನಗೆ ಎಂತಕ್ಕೆ ಆ ಉಸಾಬರಿ? ಅಪ್ಪ ಮದ್ದು ಬಿಡ್ಲಿಕ್ಕೆ ಹೋಗುವುದು ಅವರ ತೋಟಕ್ಕೆ. ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು? ಆ ವರ್ಷ ಓಣಂ ಕಳೆದರೂ ಮಳೆ ಬಿಟ್ಟಿರಲಿಲ್ಲ. ಅಡಿಕೆಗೆ ಕೊಳೆರೋಗ ಬಂದು, ಮೂರನೇ ಸಲ ಮದ್ದು ಬಿಡುವ ಕೆಲಸ ನಡೆಯುತ್ತಿತ್ತು. ಸಂಜೆ ಅಪ್ಪ ಬರುವಾಗ ಮೈಲುತುತ್ತು ಮತ್ತು ಸುಣ್ಣದ ನೀಲಿ ಬಣ್ಣ ಅಂಗಿಗೆ, ಕಿವಿಯ ಹಿಂದಕ್ಕೆ, ಉಗುರಿನ ಸಂದಿಗೆಲ್ಲ ಹಿಡಿದಿರುತ್ತಿತ್ತು. ಆ ನೀಲಿಯಿಂದಲೇ ಅಕ್ಕಿ ಬರುವುದು ಅಂತ ಹದಿಮೂರು ವರ್ಷದ ಹುಡುಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯ ಗೋಡೆಯಲ್ಲಿ ಮಕ್ಕಳ ಸಹಾಯವಾಣಿ 1098 ಅಂತ ದೊಡ್ಡದಾಗಿ ಬರೆದಿತ್ತು. ಒಂದು ದಿನ ಅಮ್ಮ ಬೀಡಿ ಕೊಡಲು ಬ್ರಾಂಚಿಗೆ ಹೋದಾಗ ಅವಳ ಫೋನಿನಿಂದ ಒತ್ತಿಯೇಬಿಟ್ಟ. ಆ ಕಡೆಯಿಂದ ಒಬ್ಬರು ಮೆಲ್ಲಗೆ, ಮಲಯಾಳದಲ್ಲಿ, ಹೇಳು ಮೋನೆ ಅಂದರು. ವಿನಯನಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಆದರೆ ಆ ಹೊತ್ತಿಗೆ ಯಾವ ಭಾಷೆಯೂ ಬರಲಿಲ್ಲ. ಕಟ್ ಮಾಡಿದ.

ಉಳಿದದ್ದು ಪೆಟ್ಟಿಗೆ. ಆಫೀಸು ವರಾಂಡದ ಕಂಬಕ್ಕೆ ಒಂದು ತಗಡಿನ ಪೆಟ್ಟಿಗೆ ನೇತುಹಾಕಿದ್ದರು. ಮಲಯಾಳದಲ್ಲಿ ಚಂದಕ್ಕೆ 'ಪರಾತಿಪ್ಪೆಟ್ಟಿ' ಎಂದೂ ಅದರ ಕೆಳಗೆ ಕನ್ನಡದಲ್ಲಿ 'ದೂರು ಪೆಟಿಗೆ' ಎಂದೂ ಬರೆದಿತ್ತು. ಒತ್ತು ಬಿಟ್ಟುಹೋಗಿತ್ತು. ನಮ್ಮ ಕಡೆಯ ಬೋರ್ಡುಗಳಲ್ಲಿ ಕನ್ನಡಕ್ಕೆ ಇಷ್ಟಾದರೂ ಜಾಗ ಸಿಕ್ಕಿದರೆ ಪುಣ್ಯ. ವಿನಯ ಹೆಸರು ಹಾಕದೆ ಒಂದು ಚೀಟಿ ಬರೆದು, ಎಲ್ಲರೂ ಊಟಕ್ಕೆ ಹೋದಾಗ ಒಳಗೆ ಹಾಕಿದ. ವಾರ ಕಳೆಯಿತು. ಏನೂ ಆಗಲಿಲ್ಲ. ಅಕ್ಷರ ಸಣ್ಣದಾಯಿತೋ ಏನೋ ಅಂತ ಇನ್ನೊಂದು ಬರೆದ, ದಪ್ಪಕ್ಕೆ. ಆಮೇಲೆ ಮತ್ತೂ ಒಂದು. ಟೀಚರುಗಳು ಓದಿಯೂ ಸುಮ್ಮನಿದ್ದಾರೆ ಅಂತ ಅವನಿಗೆ ಖಾತ್ರಿಯಾಯಿತು. ಶರತ್ ಇಲ್ಲದೆ ಕಲೋತ್ಸವಕ್ಕೆ ಹೋಗಲಿಕ್ಕೆ ಆಗುತ್ತದಾ, ಅದಕ್ಕೇ ಇರಬೇಕು.

ಅಷ್ಟರಲ್ಲಿ ಹರೀಶ ಶಾಲೆಗೆ ಬರುವುದು ನಿಲ್ಲಿಸಿದ. ಜ್ವರ ಅಂದರು. ಮತ್ತೆ ಒಂದು ಬೆಳಗ್ಗೆ, ಚಾಕ್ ತರಲು ಆಫೀಸಿಗೆ ಹೋದ ವಿನಯನಿಗೆ ಬೆಂಚಿನಲ್ಲಿ ಕುಳಿತ ಹರೀಶನ ಅಜ್ಜಿ ಕಂಡರು. ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸದೆ, ನೆಲ ಒದ್ದೆಯಾಗುತ್ತದೆ ಅಂತ, ಪ್ಲಾಸ್ಟಿಕ್ ತೊಟ್ಟೆಯೊಳಗೆ ಇಳಿಸಿ ಹಿಡಿದುಕೊಂಡಿದ್ದರು. ಎದುರು ವಾರಿಜಾ ಟೀಚರ್.

"ಟಿ.ಸಿ. ಕೊಟ್ಟುಬಿಡಿ ಟೀಚರೇ," ಅಂದರು ಅಜ್ಜಿ. "ಹುಡುಗನಿಗೆ ಓದು ತಲೆಗೆ ಹತ್ತುವುದಿಲ್ಲಂತೆ. ಅವನೇ ಹೇಳ್ತಾನೆ. ಪಯ್ಯನ್ನೂರಿನಲ್ಲಿ ಅಪ್ಪ ಇದ್ದ ಹೋಟೆಲಿಗೇ ಕೆಲಸಕ್ಕೆ ಹೋಗ್ತೇನೆ ಅಂತ ಹಟ."

"ಅಜ್ಜಿ, ಹದಿಮೂರು ವರ್ಷದ ಮಗುವನ್ನು ಕೆಲಸಕ್ಕೆ ಕಳಿಸ್ಲಿಕ್ಕೆ ಆಗುವುದಿಲ್ಲ. ಕಾನೂನು ಬಿಡುವುದಿಲ್ಲ. ಕನ್ನಡ ಕಷ್ಟವಾದರೆ ನಾನು ಸಂಜೆ ಕೂರಿಸಿ ಹೇಳಿಕೊಡ್ತೇನೆ."

"ಅದೇ ಹೇಳಿದೆ. ಕೇಳುವುದಿಲ್ಲ. ತಾನು ದಡ್ಡ ಅಂತಾನೆ."

"ಅಲ್ಲ," ಅಂದ ವಿನಯ.

ಇಬ್ಬರೂ ತಿರುಗಿದರು. ಮಾತಾಡಿದ್ದು ಯಾರು ಅಂತ ಟೀಚರಿಗೆ ಮೊದಲು ಗೊತ್ತಾಗಲಿಲ್ಲ, ಅವನ ಸ್ವರ ಕೇಳಿ ಅಭ್ಯಾಸವಿರಲಿಲ್ಲ ನೋಡಿ. ವಿನಯನ ಕಿವಿ ಬಿಸಿಯಾಗಿತ್ತು. ಕಾಲು ಬಾಗಿಲ ಕಡೆಗೇ ಇತ್ತು. ಈಗ ಓಡಿದರೂ ಆಗುತ್ತದೆ ಅಂತ ಒಂದು ಕ್ಷಣ ಅನ್ನಿಸಿತು.

"ಅವನು ದಡ್ಡ ಅಲ್ಲ ಟೀಚರ್. ಅವನಿಗೆ ಶರತ್... ಶರತ್ ಹೊಡಿತಾನೆ. ದಿನಾ. ನೀವು ಕ್ಲಾಸಿನಲ್ಲಿ ಇಲ್ಲದಾಗ. ಮೊಟ್ಟೆ ಸಹ ತಿನ್ಲಿಕ್ಕೆ ಬಿಡುವುದಿಲ್ಲ."

ಹೇಳಿ ಮುಗಿಸಿದ ಮೇಲೆ ಏನು ಮಾಡಬೇಕು ಅಂತ ತಿಳಿಯದೆ ಕ್ಲಾಸಿಗೆ ಓಡಿದ. ಟೀಚರ್ "ಏ ವಿನಯ" ಅಂತ ಕರೆಯುತ್ತಿದ್ದಂತೆಯೇ ಗಣಿತದ ನೋಟ್ ಪುಸ್ತಕ ಹಿಡಿದು ವಾಪಸು ಬಂದ. ತಿರುಗಿಸಿ ಹಿಂದಿನ ಪುಟ ತೆರೆದು ಕೊಟ್ಟ.

ಟೀಚರ್ ನಿಂತೇ ಓದಿದರು. ಪುಟ ಮಗುಚಿದರು. ಆಮೇಲೆ ಕುರ್ಚಿ ಎಳೆದು ಕುಳಿತರು.

"ಇಷ್ಟು ದಿನದಿಂದ ನೋಡ್ತಾ ಇದ್ದೀಯಲ್ಲ. ನನಗೆ ಒಂದು ಮಾತು ಹೇಳ್ಬಾರದಿತ್ತಾ ಮಗಾ?"

"ಹೇಳಿದ್ದೆ ಟೀಚರ್. ಪೆಟ್ಟಿಗೆಗೆ ಹಾಕಿದ್ದೆ. ಮೂರು ಸಲ."

ಟೀಚರ್ ಹೆಡ್‌ಮಾಷ್ಟ್ರ ಮುಖ ನೋಡಿದರು. ಹೆಡ್‌ಮಾಷ್ಟ್ರು ಆಫೀಸಿನ ಕುಂಞಿರಾಮಣ್ಣನ ಮುಖ ನೋಡಿದರು. ಕುಂಞಿರಾಮಣ್ಣ ಮೇಜಿನ ಖಾನೆ ಎಳೆದು ಬೀಗದ ಕೈ ಹುಡುಕತೊಡಗಿದ. ಲ್ಯಾಬಿನದು ಸಿಕ್ಕಿತು, ಅಡುಗೆ ಕೋಣೆಯದು ಸಿಕ್ಕಿತು, ಯಾವುದೋ ಹಳೆಯ ಸೈಕಲಿನದೂ ಸಿಕ್ಕಿತು. ಪೆಟ್ಟಿಗೆಯದು ಇಲ್ಲ. ಕಡೆಗೆ ಕಂಬದ ಹತ್ತಿರ ಹೋಗಿ ಸುತ್ತಿಗೆಯಲ್ಲಿ ಎರಡು ಬಡಿದಾಗ ತುಕ್ಕು ಹಿಡಿದ ಕೊಂಡಿ ತಾನಾಗಿ ಕಳಚಿ ಬಿತ್ತು. ಒಳಗೆ ಕಣಜದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ, ಒಂದು ಮಿಠಾಯಿ ಕಾಗದ. ವಿನಯನ ಮೂರು ಚೀಟಿ. ಅವುಗಳ ಅಡಿಯಲ್ಲಿ ಹಳದಿಯಾದ ಇನ್ನೊಂದು: 'ಹುಡುಗಿಯರ ಶೌಚಾಲಯದಲ್ಲಿ ನೀರು ಇಲ್ಲ. ದಯವಿಟ್ಟು.' ಬರೆದವಳು ಈಗ ಎಲ್ಲೋ ಡಿಗ್ರಿ ಓದುತ್ತಿರಬೇಕು.

ಹೆಡ್‌ಮಾಷ್ಟ್ರು ಅದನ್ನೂ ಮಡಚಿ ಕಿಸೆಗೆ ಹಾಕಿಕೊಂಡರು. ಏನೂ ಹೇಳಲಿಲ್ಲ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಕೌನ್ಸೆಲರ್ ಟೀಚರ್ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಒಬ್ಬ ಶುರು ಮಾಡಿದ ಮೇಲೆ ಹಿಂದಿನ ಬೆಂಚಿನವರ ಬಾಯಿಯೂ ಬಿಟ್ಟಿತು. ಶರತ್‌ನ ಅಪ್ಪ ಜೀಪಿನಲ್ಲಿ ಬಂದು "ಮಕ್ಕಳಾಟ ಅಲ್ವಾ ಮಾಷ್ಟ್ರೇ, ನಾವೂ ಸಣ್ಣದಿರುವಾಗ ಇದನ್ನೇ ಮಾಡಿದ್ದು" ಅಂದರು. ವಾರಿಜಾ ಟೀಚರ್ ನೋಟ್ ಪುಸ್ತಕ ಅವರ ಮುಂದಿಟ್ಟರು. ಅವರು ಜೋರಾಗಿಯೇ ಓದತೊಡಗಿ, ಎರಡನೇ ಪುಟಕ್ಕೆ ಬರುವಾಗ ಸ್ವರ ತಗ್ಗಿಸಿದರು. ಅಭಿಮನ್ಯುವಿನ ವೇಷವನ್ನು ಏನು ಮಾಡುವುದು ಎಂಬುದರ ಬಗ್ಗೆ ದೊಡ್ಡ ಚರ್ಚೆಯಾಯಿತು. ಯಕ್ಷಗಾನ ಕಲಿಸುವ ಮಾಷ್ಟ್ರಿಗೆ ಸಂಕಟ. ಆದರೂ ಅವರೇ, "ಈ ಸಲ ಬೇಡ. ಬರುವ ವರ್ಷ ನೋಡುವ" ಅಂದುಬಿಟ್ಟರು.

ಅದೇ ದಿನ ನಾಲ್ಕು ಗಂಟೆಗೆ ಬಸ್‌ಸ್ಟಾಪಿನಲ್ಲಿ ಶರತ್ ಹತ್ತಿರ ಬಂದ.

"ನೀನಾ ಹೇಳಿದ್ದು?"

ಸುತ್ತ ನಾಲ್ಕೈದು ಹುಡುಗರು. ಬಸ್ಸು ಇನ್ನೂ ಕಾಣುತ್ತಿರಲಿಲ್ಲ. ಆಫೀಸಿನಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು. ಅಲ್ಲಿ ಬಾಯಿಂದ ತಾನಾಗಿ ಬಂದಿತ್ತು. ಇಲ್ಲಿ 'ನಾನಲ್ಲ' ಅನ್ನಲು ಬೇಕಾದಷ್ಟು ಸಮಯವಿತ್ತು.

"ಹೌದು," ಅಂದ. "ನಾನೇ."

ಶರತ್ ಇನ್ನೇನೋ ಹೇಳಲು ಹೊರಟವನು ಹೇಳಲಿಲ್ಲ. ಕಣ್ಣು ಕೆಂಪಾಗಿತ್ತು, ಅತ್ತಿದ್ದನೋ ಏನೋ. ಚೀಲ ಇನ್ನೊಂದು ಹೆಗಲಿಗೆ ಹಾಕಿಕೊಂಡು ಆಚೆ ಹೋಗಿ ನಿಂತ.

ಮನೆಯಲ್ಲಿ ಅಮ್ಮ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. "ನಾಳೆಯಿಂದ ತೋಟಕ್ಕೆ ಬರುವುದು ಬೇಡ ಅಂದರೆ ಎಂತ ಮಾಡುವುದು?" ಅಂತ ಅದನ್ನೇ ಹೇಳುತ್ತಿದ್ದಳು. ಅಪ್ಪ ತೆಂಗಿನೆಣ್ಣೆ ಹಚ್ಚಿ ಕೈಯ ನೀಲಿ ತಿಕ್ಕುತ್ತಾ ಕೂತಿದ್ದ.

"ಬೇಡ ಅಂತಾರಾ? ಅನ್ನಲಿ ನೋಡುವ," ಅಂದ. "ಈ ಮಳೆಗೆ, ಆ ಜಾರುವ ಮರಕ್ಕೆ ಹತ್ತುವವರು ಊರಲ್ಲಿ ಇನ್ನು ಎಷ್ಟು ಜನ ಇದ್ದಾರೆ? ಇನ್ನೂ ಅರ್ಧ ತೋಟ ಬಾಕಿ ಉಂಟು." ಮತ್ತೆ ಮಗನ ಕಡೆ ತಿರುಗಿ, "ಲೆಕ್ಕದ ಪುಸ್ತಕದಲ್ಲಿ ಲೆಕ್ಕ ಸಹ ಮಾಡು ಮಾರಾಯ" ಅಂದ.

ಹರೀಶ ಮುಂದಿನ ವಾರ ಬಂದ. ವಿನಯನ ಪಕ್ಕದಲ್ಲೇ ಕೂರಿಸಿದರು. ಅವನು ಥ್ಯಾಂಕ್ಸ್ ಏನೂ ಹೇಳಲಿಲ್ಲ. ಇಡೀ ಬೆಳಗ್ಗೆ ಮುಖ ಊದಿಸಿಕೊಂಡೇ ಇದ್ದ. ಊಟಕ್ಕೆ ಬೆಲ್ಲಾದಾಗ ತಗ್ಗಿದ ಸ್ವರದಲ್ಲಿ ಕೇಳಿದ:

"ಎಲ್ಲಾ ಬರೆದಿದ್ದೀಯಂತೆ?"

"ಹೂಂ."

"ಪಂಪ್‌ಹೌಸಿನ ಹತ್ತಿರದ್ದು?"

"ಅದು ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ."

ಹರೀಶ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚೀಲದಿಂದ ತಟ್ಟೆ ತೆಗೆದ.

"ಬಾ ಬೇಗ. ಲೈನು ಉದ್ದ ಆದರೆ ಪಲ್ಯ ಸಿಗುವುದಿಲ್ಲ."